ಅಣುಸೂತ್ರ ಕೈಗೆ ಬಂದರೆ ಮೊದಲು ಡಿಬಿಇ ಲೆಕ್ಕ

ಬಿಎಸ್ಸಿ, ಎಂಎಸ್ಸಿ ಪ್ರಶ್ನೆಪತ್ರಿಕೆಗಳಲ್ಲಿ ಹೀಗೊಂದು ಪ್ರಶ್ನೆ ಇದ್ದೇ ಇರುತ್ತದೆ. 'ಒಂದು ಸಂಯುಕ್ತದ ಅಣುಸೂತ್ರ C₉H₁₀O₂. ಅದರ ಐಆರ್ ಮತ್ತು ಎನ್‌ಎಂಆರ್ ವಿವರ ಕೆಳಗಿದೆ. ರಚನೆ ಬರೆಯಿರಿ.' ಓದಿದ ಕೂಡಲೇ ಹೆಚ್ಚಿನವರ ಕಣ್ಣು ಎನ್‌ಎಂಆರ್ ಅಂಕಿಗಳ ಮೇಲೆ ಬೀಳುತ್ತದೆ. 7.35 ಕಂಡಿತು, ಬೆಂಜೀನ್ ಇದೆ ಅಂದರು. 2.10 ಕಂಡಿತು, ಮೀಥೈಲ್ ಅಂದರು. ಆಮೇಲೆ ತುಂಡುಗಳನ್ನು ಜೋಡಿಸಲು ಹೋಗಿ, ಎರಡು ಹೈಡ್ರೋಜನ್ ಜಾಸ್ತಿಯಾಯಿತು ಎಂದು ಅಳಿಸಿ ಮತ್ತೆ ಬರೆಯುತ್ತಾರೆ.

ಈ ಒದ್ದಾಟ ತಪ್ಪಿಸಲು ಒಂದು ಪುಟ್ಟ ಲೆಕ್ಕ ಸಾಕು. ಅದರ ಹೆಸರು ಅಪರ್ಯಾಪ್ತತೆಯ ಮಟ್ಟ, ಇಂಗ್ಲಿಷಿನಲ್ಲಿ ಡಬಲ್ ಬಾಂಡ್ ಈಕ್ವಿವಲೆಂಟ್. ತರಗತಿಯಲ್ಲಿ ಎಲ್ಲರೂ ಡಿಬಿಇ ಅಂತಲೇ ಕರೆಯುತ್ತಾರೆ, ನಾನೂ ಹಾಗೇ ಕರೆಯುತ್ತೇನೆ. ಅಣುವಿನಲ್ಲಿ ಉಂಗುರಗಳು ಮತ್ತು ಪೈ ಬಂಧಗಳು ಒಟ್ಟು ಎಷ್ಟಿವೆ ಎಂಬುದನ್ನು ಅದು ಹೇಳುತ್ತದೆ. ಅಣುಸೂತ್ರ ಬಿಟ್ಟು ಬೇರೇನೂ ಬೇಡ.

ಸೂತ್ರ ಎಲ್ಲಿಂದ ಬಂತು

ಬಾಯಿಪಾಠ ಮಾಡಿದ ಸೂತ್ರ ಪರೀಕ್ಷೆಯ ದಿನ ಕೈಕೊಡುತ್ತದೆ. ನೈಟ್ರೋಜನ್‌ಗೆ ಪ್ಲಸ್ಸೋ ಮೈನಸ್ಸೋ ಎಂದು ಅಲ್ಲೇ ಸಿಕ್ಕಿಹಾಕಿಕೊಳ್ಳುವುದು. ಹಾಗಾಗಿ ಅದು ಹುಟ್ಟುವುದು ಹೇಗೆ ಅಂತ ಒಮ್ಮೆ ನೋಡಿಬಿಡೋಣ.

ಕಾರ್ಬನ್‌ಗೆ ನಾಲ್ಕು ಕೈ ಅಂದುಕೊಳ್ಳಿ. ಕಾರ್ಬನ್‌ಗಳು ಸಾಲಾಗಿ ನಿಂತು ಎರಡೂ ಪಕ್ಕದವರ ಕೈ ಹಿಡಿದರೆ, ಪ್ರತಿಯೊಂದಕ್ಕೂ ಇನ್ನೆರಡು ಕೈ ಉಳಿಯುತ್ತದೆ. ಅಲ್ಲಿ ಎರಡು ಹೈಡ್ರೋಜನ್. ಸಾಲಿನ ಎರಡು ತುದಿಗಳಲ್ಲಿ ಒಂದೊಂದು ಕೈ ಜಾಸ್ತಿ ಖಾಲಿ. ಆದ್ದರಿಂದ n ಕಾರ್ಬನ್‌ಗಳಿಗೆ 2n + 2 ಹೈಡ್ರೋಜನ್. ಇದು ಆ ಅಣು ಹಿಡಿಸಬಲ್ಲ ಗರಿಷ್ಠ. ಆರು ಕಾರ್ಬನ್ನಿನ ಹೆಕ್ಸೇನ್ C₆H₁₄ ಆಗುವುದು ಹೀಗೆ. ಆ '+2' ಸಾಲಿನ ಎರಡು ತುದಿಗಳ ಲೆಕ್ಕ ಎಂಬುದನ್ನು ನೆನಪಿಡಿ, ಮುಂದೆ ಅದರಿಂದ ಕೆಲಸವಿದೆ.

ಈಗ ಪಕ್ಕಪಕ್ಕದ ಎರಡು ಕಾರ್ಬನ್‌ಗಳಿಂದ ಒಂದೊಂದು ಹೈಡ್ರೋಜನ್ ಕಿತ್ತು, ಖಾಲಿಯಾದ ಕೈಗಳನ್ನು ಜೋಡಿಸಿ. ದ್ವಿಬಂಧ ಬಂತು. ಅದರ ಬದಲು ಎರಡು ತುದಿಗಳಿಂದ ಒಂದೊಂದು ಹೈಡ್ರೋಜನ್ ಕಿತ್ತು ತುದಿಗಳನ್ನು ಜೋಡಿಸಿ. ಉಂಗುರ ಬಂತು. ಎರಡಕ್ಕೂ ಖರ್ಚು ಒಂದೇ, ಎರಡು ಹೈಡ್ರೋಜನ್. ಹೆಕ್ಸೀನ್, ಸೈಕ್ಲೋಹೆಕ್ಸೇನ್ ಎರಡೂ C₆H₁₂ ಆಗಿರುವುದು ಇದಕ್ಕೇ. ತ್ರಿಬಂಧದಲ್ಲಿ ಎರಡು ಪೈ ಬಂಧ ಇರುವುದರಿಂದ ಅದಕ್ಕೆ ನಾಲ್ಕು ಹೈಡ್ರೋಜನ್ ಖರ್ಚು.

ಅಂದರೆ ಗರಿಷ್ಠಕ್ಕಿಂತ ಎಷ್ಟು ಹೈಡ್ರೋಜನ್ ಕಡಿಮೆ ಇದೆ ನೋಡಿ, ಎರಡರಿಂದ ಭಾಗಿಸಿ. ಬಂದದ್ದೇ ಡಿಬಿಇ.

ಉಳಿದ ಪರಮಾಣುಗಳನ್ನೂ ಇದೇ ಕಣ್ಣಿನಿಂದ ನೋಡಿ. ಕ್ಲೋರಿನ್, ಬ್ರೋಮಿನ್ ಮುಂತಾದ ಹ್ಯಾಲೋಜನ್‌ಗಳಿಗೆ ಒಂದೇ ಕೈ. ಹೈಡ್ರೋಜನ್ ಕೂರುವ ಜಾಗದಲ್ಲಿ ಕೂರುತ್ತವೆ, ಆದ್ದರಿಂದ ಹೈಡ್ರೋಜನ್ ಜೊತೆಗೇ ಎಣಿಸಬೇಕು. ಆಕ್ಸಿಜನ್‌ಗೆ ಎರಡು ಕೈ. ಯಾವುದೇ ಬಂಧದ ಮಧ್ಯೆ ತೂರಿಕೊಂಡರೂ ಆ ಕಡೆ ಒಂದು, ಈ ಕಡೆ ಒಂದು ಹಿಡಿದು ಮುಗಿಯಿತು. ಈಥೇನ್ C₂H₆, ಎಥನಾಲ್ C₂H₆O. ಹೈಡ್ರೋಜನ್ ಸಂಖ್ಯೆ ಬದಲಾಗಲಿಲ್ಲ, ಅಲ್ವಾ? ಹಾಗಾಗಿ ಆಕ್ಸಿಜನ್ ಲೆಕ್ಕಕ್ಕಿಲ್ಲ. ನೈಟ್ರೋಜನ್‌ಗೆ ಮೂರು ಕೈ. ಮಧ್ಯೆ ತೂರಿಕೊಂಡ ಮೇಲೂ ಒಂದು ಕೈ ಉಳಿಯುತ್ತದೆ, ಅಲ್ಲಿ ಇನ್ನೊಂದು ಹೈಡ್ರೋಜನ್‌ಗೆ ಜಾಗ. ಈಥೈಲ್ ಅಮೀನ್ C₂H₇N ಆಗುವುದು ಅದಕ್ಕೆ. ನೈಟ್ರೋಜನ್ ಗರಿಷ್ಠವನ್ನು ಒಂದು ಹೆಚ್ಚಿಸುತ್ತದೆ, ಹಾಗಾಗಿ ಪ್ಲಸ್. ಎಲ್ಲ ಸೇರಿಸಿದರೆ ಇಷ್ಟು:

```
DBE = (2C + 2 + N − H − X) / 2
```

ಇಲ್ಲಿ X ಅಂದರೆ ಹ್ಯಾಲೋಜನ್‌ಗಳ ಒಟ್ಟು ಸಂಖ್ಯೆ. ಬೆಂಜಮೈಡ್ C₇H₇NO ತೆಗೆದುಕೊಳ್ಳಿ. 14 + 2 + 1 − 7 = 10, ಅರ್ಧ ಮಾಡಿದರೆ 5. ನೈಟ್ರೋಜನ್ ಮರೆತರೆ 4.5 ಬರುತ್ತದೆ, ತಪ್ಪಾಗಿ ಕಳೆದರೆ 4 ಬರುತ್ತದೆ. ಮೊದಲನೆಯ ತಪ್ಪು ಅರ್ಧದಿಂದಾಗಿ ತಾನೇ ಸಿಕ್ಕಿಬೀಳುತ್ತದೆ. ಎರಡನೆಯದು ಪೂರ್ಣಸಂಖ್ಯೆ ಕೊಟ್ಟು ಸುಮ್ನೆ ಕೂರುತ್ತದೆ, ಅದೇ ಅಪಾಯ.

ಬಂದ ಸಂಖ್ಯೆಯನ್ನು ಓದುವುದು

ಸೊನ್ನೆ ಬಂದರೆ ಅರ್ಧ ಕೆಲಸ ಮುಗಿದಂತೆ. ಉಂಗುರ ಇಲ್ಲ, ಕಾರ್ಬೋನಿಲ್ ಇಲ್ಲ, ದ್ವಿಬಂಧ ಇಲ್ಲ. ಆಕ್ಸಿಜನ್ ಇದ್ದರೆ ಅದು ಸಾಮಾನ್ಯವಾಗಿ ಆಲ್ಕೋಹಾಲ್ ಅಥವಾ ಈಥರ್. ಒಂದು ಬಂದು, ಸೂತ್ರದಲ್ಲಿ ಆಕ್ಸಿಜನ್ ಇದ್ದರೆ ಮೊದಲು ಐಆರ್‌ನಲ್ಲಿ 1700ರ ಸುತ್ತ ಕಣ್ಣಾಡಿಸಿ. ಅಲ್ಲಿ ಬಲವಾದ ಪಟ್ಟಿ ಇದ್ದರೆ ಆ ಒಂದು ಕಾರ್ಬೋನಿಲ್‌ಗೆ ಹೋಯಿತು, ಮಿಕ್ಕದ್ದೆಲ್ಲ ಪರ್ಯಾಪ್ತ.

ನಾಲ್ಕು ಅಥವಾ ಅದಕ್ಕಿಂತ ಹೆಚ್ಚು ಬಂದರೆ ಬೆಂಜೀನ್ ಉಂಗುರದ ಅನುಮಾನ ಸಹಜ. ಮೂರು ದ್ವಿಬಂಧ, ಒಂದು ಉಂಗುರ, ಒಟ್ಟು ನಾಲ್ಕು. ಮೂರು ಮಾತ್ರ ಎಣಿಸಿ ಉಂಗುರ ಮರೆಯುವವರು ಪ್ರತಿ ವರ್ಷ ಸಿಗುತ್ತಾರೆ. ಆದರೆ ನಾಲ್ಕು ಅಂದಾಕ್ಷಣ ಬೆಂಜೀನ್ ಅಂತ ಬರೆದುಬಿಡಬೇಡಿ. ಎರಡು ತ್ರಿಬಂಧ ಇದ್ದರೂ ನಾಲ್ಕೇ. ಪ್ರೋಟಾನ್ ಎನ್‌ಎಂಆರ್‌ನಲ್ಲಿ 6.5ರಿಂದ 8.5ರ ನಡುವೆ ಸಂಕೇತ ಇದೆಯೇ ನೋಡಿ, ಆಮೇಲೆ ತೀರ್ಮಾನಿಸಿ.

ಉಂಗುರವೋ ದ್ವಿಬಂಧವೋ: ಕರ್ಪೂರದ ಕಥೆ

ಡಿಬಿಇ ಒಟ್ಟು ಮೊತ್ತ ಹೇಳುತ್ತದೆ, ಹಂಚಿಕೆ ಹೇಳುವುದಿಲ್ಲ. ಹಂಚುವುದು ನಮ್ಮ ಕೆಲಸ. ಇದಕ್ಕೆ ಆರತಿ ತಟ್ಟೆಯ ಕರ್ಪೂರಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ.

ಕರ್ಪೂರದ ಅಣುಸೂತ್ರ C₁₀H₁₆O. 20 + 2 − 16 = 6, ಅರ್ಧ 3. ಐಆರ್‌ನಲ್ಲಿ 1740ರ ಹತ್ತಿರ ಬಲವಾದ ಕಾರ್ಬೋನಿಲ್ ಪಟ್ಟಿ ಇದೆ, ಒಂದು ಹೋಯಿತು. ಕಾರ್ಬನ್-13 ಎನ್‌ಎಂಆರ್‌ನಲ್ಲಿ 219 ಪಿಪಿಎಂ ಸುತ್ತ ಕೀಟೋನ್ ಕಾರ್ಬನ್ ಕಾಣುತ್ತದೆ. ದ್ವಿಬಂಧದ ಕಾರ್ಬನ್‌ಗಳು ಬರಬೇಕಾದ 100ರಿಂದ 150ರ ಜಾಗ ಖಾಲಿ. ಅಂದಮೇಲೆ ಉಳಿದ ಎರಡು ಉಂಗುರಗಳೇ. ಬೇರೆ ದಾರಿಯೇ ಇಲ್ಲ. ಕರ್ಪೂರ ಎರಡು ಉಂಗುರಗಳ ಕೀಟೋನ್ ಎಂಬುದು ರಚನೆಯ ಒಂದು ಗೆರೆ ಎಳೆಯುವ ಮೊದಲೇ ಗೊತ್ತಾಯಿತು. ಎನ್‌ಎಂಆರ್ ಇಲ್ಲದ ಹತ್ತೊಂಬತ್ತನೇ ಶತಮಾನದಲ್ಲಿ ಕರ್ಪೂರಕ್ಕೆ ಒಬ್ಬೊಬ್ಬರು ಒಂದೊಂದು ರಚನೆ ಸೂಚಿಸಿದ್ದರು. ಸರಿಯಾದುದನ್ನು ಜರ್ಮನಿಯ ಯೂಲಿಯಸ್ ಬ್ರೆಟ್ 1893ರಲ್ಲಿ ಹೇಳಿದ.

ಈಗ ಆ ರಚನೆಯನ್ನು ಪುಸ್ತಕದಲ್ಲಿ ನೋಡಿ. ಆರು ಕಾರ್ಬನ್ನಿನ ಉಂಗುರ, ಅದರ ಮೇಲೆ ಸೇತುವೆಯಂತೆ ಒಂದು ಕಾರ್ಬನ್. ಸೇತುವೆಯ ಎಡಕ್ಕೊಂದು, ಬಲಕ್ಕೊಂದು ಐದು ಕಾರ್ಬನ್ನಿನ ಉಂಗುರ ಕಾಣುತ್ತದೆ. ಸುತ್ತಲಿನದೂ ಸೇರಿ ಮೂರು ಉಂಗುರ ಆಯ್ತಲ್ಲ? ಇಲ್ಲಿ ಕಣ್ಣನ್ನು ನಂಬಬೇಡಿ, ಕತ್ತರಿಯನ್ನು ನಂಬಿ. ಎಷ್ಟು ಬಂಧ ಕತ್ತರಿಸಿದರೆ ಎಲ್ಲ ಉಂಗುರಗಳೂ ಬಿಚ್ಚಿಕೊಂಡು, ಅಣು ಮಾತ್ರ ಎರಡು ತುಂಡಾಗದೆ ಉಳಿಯುತ್ತದೋ ಅಷ್ಟೇ ಉಂಗುರ. ಸೇತುವೆಯಲ್ಲಿ ಒಂದು ಬಂಧ ಕತ್ತರಿಸಿ, ಆರರ ಉಂಗುರ ಉಳಿಯಿತು. ಅದರಲ್ಲೊಂದು ಕತ್ತರಿಸಿ, ಎಲ್ಲವೂ ಬಿಚ್ಚಿತು. ಎರಡೇ. 1964ರಲ್ಲಿ ಫಿಲಿಪ್ ಈಟನ್ ಮತ್ತು ಥಾಮಸ್ ಕೋಲ್ ತಯಾರಿಸಿದ ಘನಾಕೃತಿಯ ಕ್ಯೂಬೇನ್ C₈H₈ಗೂ ಇದೇ ಕತ್ತರಿ. ಆರು ಮುಖಗಳಿದ್ದರೂ ಡಿಬಿಇ 5.

ಕಾರ್ಬನ್-ಕಾರ್ಬನ್ ದ್ವಿಬಂಧ ಇರುವ ಕಡೆ ಇನ್ನೊಂದು ಹಳೆಯ ಉಪಾಯ ಇದೆ, ಹೈಡ್ರೋಜನ್ ಕುಡಿಸಿ ನೋಡುವುದು. ಕಿತ್ತಳೆ ಸಿಪ್ಪೆಯ ಎಣ್ಣೆಯಲ್ಲಿರುವ ಲಿಮೊನೀನ್ C₁₀H₁₆. ಡಿಬಿಇ 3. ವೇಗವರ್ಧಕ ಹಾಕಿ ಹೈಡ್ರೋಜನ್ ಕೊಟ್ಟರೆ ಒಂದು ಮೋಲ್ ಲಿಮೊನೀನ್ ಎರಡು ಮೋಲ್ ಹೈಡ್ರೋಜನ್ ಎಳೆದುಕೊಂಡು C₁₀H₂₀ ಆಗುತ್ತದೆ. ಅದರ ಡಿಬಿಇ 1, ಇನ್ನೆಷ್ಟು ಹೈಡ್ರೋಜನ್ ಕೊಟ್ಟರೂ ಕರಗುವುದಿಲ್ಲ. ಕುಡಿದದ್ದು ಎರಡು ದ್ವಿಬಂಧ, ಉಳಿದದ್ದು ಒಂದು ಉಂಗುರ. ಪ್ರಶ್ನೆಯಲ್ಲಿ 'ಎರಡು ಮೋಲ್ ಹೈಡ್ರೋಜನ್ ಹೀರಿಕೊಳ್ಳುತ್ತದೆ' ಎಂಬ ಸಾಲು ಬಂದರೆ ನಿಮಗೆ ಹಂಚಿಕೆಯನ್ನೇ ಕೊಟ್ಟುಬಿಟ್ಟಿದ್ದಾರೆ ಅಂತ ತಿಳಿಯಿರಿ. ಒಂದು ಎಚ್ಚರಿಕೆ: ಬೆಂಜೀನ್ ಉಂಗುರ ಸೌಮ್ಯ ಸ್ಥಿತಿಯಲ್ಲಿ ಅಷ್ಟು ಸುಲಭವಾಗಿ ಹೈಡ್ರೋಜನ್ ತೆಗೆದುಕೊಳ್ಳುವುದಿಲ್ಲ, ಕಾರ್ಬೋನಿಲ್ ಕೂಡ ಸಾಮಾನ್ಯವಾಗಿ ಹಾಗೆಯೇ.

C₉H₁₀O₂ ಬಿಡಿಸೋಣ

ಶುರುವಿನ ಪ್ರಶ್ನೆಗೆ ಬರೋಣ. ಕೊಟ್ಟಿರುವ ವಿವರ ಇಷ್ಟು. ಐಆರ್‌ನಲ್ಲಿ 1740ರ ಹತ್ತಿರ ಬಲವಾದ ಪಟ್ಟಿ, 2500ರಿಂದ 3600ರವರೆಗೆ ಅಗಲವಾದ ಪಟ್ಟಿ ಏನೂ ಇಲ್ಲ. ಪ್ರೋಟಾನ್ ಎನ್‌ಎಂಆರ್‌ನಲ್ಲಿ 7.35ರಲ್ಲಿ 5 ಹೈಡ್ರೋಜನ್, 5.10ರಲ್ಲಿ ಒಂಟಿ ಗೆರೆಯಾಗಿ 2 ಹೈಡ್ರೋಜನ್, 2.10ರಲ್ಲಿ ಒಂಟಿ ಗೆರೆಯಾಗಿ 3 ಹೈಡ್ರೋಜನ್. ಕಾರ್ಬನ್ ಎನ್‌ಎಂಆರ್‌ನಲ್ಲಿ 171ರ ಹತ್ತಿರ ಒಂದು ಗೆರೆ.

ಹಾಳೆಯ ಮೇಲ್ಗಡೆ ಮೊದಲು ಡಿಬಿಇ ಬರೆಯಿರಿ. 18 + 2 − 10 = 10, ಅರ್ಧ 5. ಅದರ ಕೆಳಗೆ ಜಮಾ-ಖರ್ಚಿನ ಪಟ್ಟಿ ಶುರುಮಾಡಿ. ಕೈಯಲ್ಲಿ ಐದು ರೂಪಾಯಿ ಇದೆ ಅಂದುಕೊಳ್ಳಿ. 7.35ರಲ್ಲಿ ಐದು ಹೈಡ್ರೋಜನ್ ಇದೆ, ಒಂದೇ ಕಡೆ ಜೋಡಣೆಯಾದ ಬೆಂಜೀನ್ ಉಂಗುರ. ನಾಲ್ಕು ಖರ್ಚು. 1740ರ ಪಟ್ಟಿ ಕಾರ್ಬೋನಿಲ್, ಒಂದು ಖರ್ಚು. ಜೇಬು ಖಾಲಿ.

ಈ ಖಾಲಿ ಜೇಬೇ ನಮಗೆ ಬೇಕಾದ ಮಾಹಿತಿ. ಇನ್ನು ಈ ಅಣುವಿನಲ್ಲಿ ಎರಡನೇ ಉಂಗುರ ಇರುವಂತಿಲ್ಲ, ಪಕ್ಕದ ಸರಪಳಿಯಲ್ಲಿ ದ್ವಿಬಂಧ ಇರುವಂತಿಲ್ಲ. ಸೂತ್ರದಲ್ಲಿ ಎರಡು ಆಕ್ಸಿಜನ್ ಇದ್ದರೂ ಎರಡನೇ ಕಾರ್ಬೋನಿಲ್ ಇರುವಂತಿಲ್ಲ. ಅಂದರೆ ಎರಡನೇ ಆಕ್ಸಿಜನ್ ಏಕಬಂಧಗಳಲ್ಲೇ ಇದೆ. ಐಆರ್‌ನಲ್ಲಿ ಅಗಲವಾದ ಪಟ್ಟಿ ಇಲ್ಲದ್ದರಿಂದ ಅದು ಆಲ್ಕೋಹಾಲೂ ಅಲ್ಲ, ಆಮ್ಲವೂ ಅಲ್ಲ. ಎರಡೂ ಬದಿ ಕಾರ್ಬನ್ ಹಿಡಿದುಕೊಂಡ ಆಕ್ಸಿಜನ್.

ಈಗ ಕಾರ್ಬನ್ ಎಣಿಸಿ. ಉಂಗುರಕ್ಕೆ ಆರು, ಕಾರ್ಬೋನಿಲ್‌ಗೆ ಒಂದು, ಒಟ್ಟು ಏಳು. ಉಳಿದ ಎರಡೂ ಪರ್ಯಾಪ್ತ. ಎನ್‌ಎಂಆರ್ ಪ್ರಕಾರ ಒಂದು CH₂, ಒಂದು CH₃. ಎರಡೂ ಒಂಟಿ ಗೆರೆಗಳು, ಅಂದರೆ ಅವು ಪಕ್ಕಪಕ್ಕ ಇಲ್ಲ. ಪಕ್ಕದಲ್ಲಿದ್ದು ಈಥೈಲ್ ಆಗಿದ್ದರೆ ಮೂರು ಮತ್ತು ನಾಲ್ಕು ಗೆರೆಗಳಾಗಿ ಸೀಳುತ್ತಿದ್ದವು. ಹಾಗಾಗಿ ಇದೇ ಸೂತ್ರದ, ಇದೇ ಡಿಬಿಇಯ ಈಥೈಲ್ ಬೆಂಜೋಯೇಟ್ ಇಲ್ಲಿಗೇ ಹೊರಗೆ.

ಕೈಯಲ್ಲಿ ಈಗ ನಾಲ್ಕು ತುಂಡುಗಳಿವೆ: C₆H₅, CH₂, CH₃, ಮತ್ತು ಒಂದು C=O. ಜೊತೆಗೆ ಒಂದು ಒಂಟಿ O. ಹೊಂದುವ ಜೋಡಣೆಗಳು ಬೆರಳೆಣಿಕೆ:

```
C6H5-CH2-O-CO-CH3
C6H5-CH2-CO-O-CH3
C6H5-O-CH2-CO-CH3
C6H5-CO-CH2-O-CH3
```

ಮೀಥೈಲ್ 2.10ರಲ್ಲಿದೆ. ಆಕ್ಸಿಜನ್ ಮೇಲೆ ಕೂತ ಮೀಥೈಲ್ ಆಗಿದ್ದರೆ 3.3ರಿಂದ 3.7ರ ಆಸುಪಾಸಿನಲ್ಲಿರಬೇಕಿತ್ತು. ಎರಡನೆಯದು, ನಾಲ್ಕನೆಯದು ಹೋದವು. ಮೂರನೆಯದು ಕೀಟೋನ್. ಅದರ ಕಾರ್ಬೋನಿಲ್ ಕಾರ್ಬನ್ 200ರ ಮೇಲೆ ಬರಬೇಕು, ನಮ್ಮದು 171, ಅದು ಎಸ್ಟರ್‌ನ ಜಾಗ. ಮೇಲಾಗಿ ಉಂಗುರಕ್ಕೆ ನೇರವಾಗಿ ಆಕ್ಸಿಜನ್ ಅಂಟಿದ್ದರೆ ಐದು ಹೈಡ್ರೋಜನ್‌ಗಳು 7.35ರಲ್ಲಿ ಗುಂಪಾಗಿರದೆ, ಕೆಲವು 6.9ರ ಕಡೆ ಇಳಿಯುತ್ತಿದ್ದವು. ಉಳಿದದ್ದು ಮೊದಲನೆಯದು, ಬೆಂಜೈಲ್ ಅಸಿಟೇಟ್. ಒಂದು ಕಡೆ ಉಂಗುರ, ಇನ್ನೊಂದು ಕಡೆ ಆಕ್ಸಿಜನ್ ಇರುವ CH₂ 5.10ಕ್ಕೆ ಹೋಗುವುದೂ ಸರಿಹೊಂದಿತು. ಮಲ್ಲಿಗೆ ಮುಡಿದವರ ಪಕ್ಕ ಕೂತಿದ್ದರೆ ಈ ಅಣು ನಿಮ್ಮ ಮೂಗಿಗೆ ಹಳೆಯ ಪರಿಚಯ. ಆ ಪರಿಮಳದಲ್ಲಿ ಇದರ ಪಾಲು ಇದೆ.

ಬರೆದ ಮೇಲೆ ಒಮ್ಮೆ ಹಿಂದಕ್ಕೆ ಎಣಿಸಿ. ಉಂಗುರ ಒಂದು, ಅದರೊಳಗೆ ದ್ವಿಬಂಧ ಮೂರು, ಕಾರ್ಬೋನಿಲ್ ಒಂದು. ಐದು. ತಾಳೆಯಾಗದಿದ್ದರೆ ಎನ್‌ಎಂಆರ್ ಅನ್ನು ದೂರಬೇಡಿ, ನಿಮ್ಮ ಚಿತ್ರ ತಪ್ಪು.

ಲೆಕ್ಕ ಎಲ್ಲಿ ಎಡವುತ್ತದೆ

ಮೊದಲನೆಯದಾಗಿ, ಕೊಟ್ಟದ್ದು ಅಣುಸೂತ್ರವೋ, ಬರೀ ಅನುಪಾತ ಹೇಳುವ ಸರಳ ಸೂತ್ರವೋ ನೋಡಿ. ಲಿಮೊನೀನ್ ಅನ್ನು ಸುಟ್ಟು ವಿಶ್ಲೇಷಿಸಿದರೆ ಸಿಗುವುದು C₅H₈. ಅದಕ್ಕೆ ಡಿಬಿಇ ಹಾಕಿದರೆ 2 ಬರುತ್ತದೆ. ಅಣುರಾಶಿ 136 ಎಂದು ಗೊತ್ತಾಗಿ C₁₀H₁₆ ಮಾಡಿದಾಗ 3. ದುಪ್ಪಟ್ಟು ಮಾಡಿದ ಸೂತ್ರಕ್ಕೆ ಡಿಬಿಇ ದುಪ್ಪಟ್ಟಾಗುವುದಿಲ್ಲ, ಏಕೆಂದರೆ ತುದಿಗಳ '+2' ಒಂದೇ ಸಲ ಬರುವುದು.

ಅರ್ಧ ಬಂದರೆ? ತಟಸ್ಥ, ಸಾಮಾನ್ಯ ಅಣುವಿಗೆ ಅರ್ಧ ಬರುವುದಿಲ್ಲ. ಎಣಿಕೆ ತಪ್ಪಿರಬೇಕು, ಇಲ್ಲವೇ ನಿಮ್ಮ ಕೈಯಲ್ಲಿರುವುದು ಅಯಾನಿನ ಸೂತ್ರ. ಇವತ್ತು ಮಾಸ್ ಸ್ಪೆಕ್ಟ್ರೋಮೀಟರ್ ಬಹಳ ಸಲ ಅಣುವಿಗೆ ಒಂದು ಪ್ರೋಟಾನ್ ಅಂಟಿಸಿ ತೂಗುತ್ತದೆ. ಕಾಳುಮೆಣಸಿನ ಖಾರದ ಪೈಪರಿನ್ ಅಲ್ಲಿ C₁₇H₂₀NO₃⁺ ಆಗಿ ಬರುತ್ತದೆ. ಹಾಗೇ ಲೆಕ್ಕ ಹಾಕಿದರೆ 8.5. ಅಂಟಿದ ಹೈಡ್ರೋಜನ್ ತೆಗೆದು C₁₇H₁₉NO₃ ಮಾಡಿ, 9 ಬರುತ್ತದೆ. ಬೆಂಜೀನ್ ಉಂಗುರಕ್ಕೆ 4, ಎರಡು ಆಕ್ಸಿಜನ್ ಇರುವ ಪಕ್ಕದ ಉಂಗುರಕ್ಕೆ 1, ಸರಪಳಿಯ ದ್ವಿಬಂಧಗಳಿಗೆ 2, ಕಾರ್ಬೋನಿಲ್‌ಗೆ 1, ನೈಟ್ರೋಜನ್ ಇರುವ ಉಂಗುರಕ್ಕೆ 1. ಲೆಕ್ಕ ಸರಿಹೋಯಿತು.

ಗಂಧಕ ಇನ್ನೊಂದು ಬಲೆ. ಸೂತ್ರದಲ್ಲಿ ಅದನ್ನು ಆಕ್ಸಿಜನ್‌ನಂತೆ ಎರಡು ಕೈಯದೆಂದು ಬಿಟ್ಟುಬಿಡುತ್ತೇವೆ. ಎನ್‌ಎಂಆರ್ ದ್ರಾವಕವಾಗಿ ಬಳಸುವ ಡಿಎಂಎಸ್‌ಒ C₂H₆OS, ಡಿಬಿಇ 0. ಆದರೆ ಪುಸ್ತಕದಲ್ಲಿ ಅದನ್ನು S=O ಎಂದು ಎರಡು ಗೆರೆ ಎಳೆದು ಬರೆಯುತ್ತಾರೆ. ಆ ಎರಡನೇ ಗೆರೆಗೆ ಈ ಲೆಕ್ಕದಲ್ಲಿ ಜಾಗವಿಲ್ಲ. ಸಲ್ಫಾಕ್ಸೈಡ್, ಸಲ್ಫೋನ್, ಫಾಸ್ಫೀನ್ ಆಕ್ಸೈಡ್ ಬಂದಾಗ ಆ ಗೆರೆಗಳನ್ನು ಎಣಿಸದೆ ಬಿಡಿ. ನೈಟ್ರೋ ಗುಂಪು ಮಾತ್ರ ನೇರವಾಗಿ ಹೊಂದುತ್ತದೆ. ನೈಟ್ರೋಬೆಂಜೀನ್ C₆H₅NO₂ ಗೆ 5, ಉಂಗುರಕ್ಕೆ ನಾಲ್ಕು, ನೈಟ್ರೋಗೆ ಒಂದು.

ನನ್ನನ್ನು ನಿಜಕ್ಕೂ ಸುಸ್ತು ಮಾಡಿದ್ದು ಲವಣ. ಓದುವಾಗ ಒಮ್ಮೆ C₆H₈ClN ಎಂಬ ಸೂತ್ರ ಸಿಕ್ಕಿತ್ತು. 12 + 2 + 1 − 8 − 1 = 6, ಡಿಬಿಇ 3. ಎನ್‌ಎಂಆರ್ ನೋಡಿದರೆ ಬೆಂಜೀನ್ ಉಂಗುರ ಇದ್ದೇ ಇದೆ, ಅದೊಂದಕ್ಕೇ ನಾಲ್ಕು ಬೇಕು. ಅರ್ಧ ಗಂಟೆ ಬೆಂಜೀನ್ ಇಲ್ಲದ ವಿಚಿತ್ರ ರಚನೆಗಳನ್ನು ಬರೆದೆ. ಕೊನೆಗೆ ನೋಡಿದರೆ ಅದು ಅನಿಲಿನ್ ಹೈಡ್ರೋಕ್ಲೋರೈಡ್. C₆H₇N ಮತ್ತು HCl ಎರಡೂ ಬೇರೆ ಬೇರೆ, ಒಂದೇ ಸೂತ್ರದಲ್ಲಿ ಕೂಡಿಸಿ ಬರೆದಿದ್ದರು ಅಷ್ಟೆ. ತುದಿಗಳ '+2' ಮತ್ತೆ ಇಲ್ಲಿ ಕೆಲಸಕ್ಕೆ ಬಂತು. ನಮ್ಮ ಸೂತ್ರ ಎಲ್ಲವೂ ಒಂದೇ ತುಂಡು ಅಂದುಕೊಂಡು ಒಂದೇ '+2' ಕೊಡುತ್ತದೆ. ತುಂಡು ಎರಡಿದ್ದರೆ ಎರಡು '+2' ಬೇಕು, ಅದು ಸಿಗದೆ ಡಿಬಿಇ ಒಂದು ಕಡಿಮೆ ಕಾಣುತ್ತದೆ. ಹರಳಿನ ನೀರಿಗೂ ಇದೇ ಕಾರಣ. ಸಿಟ್ರಿಕ್ ಆಮ್ಲ C₆H₈O₇ ಗೆ 3, ಅದರ ಮೂರು ಕಾರ್ಬೋನಿಲ್‌ಗಳಿಗೆ ಸರಿಯಾಗಿ. ಒಂದು ನೀರು ಸೇರಿದ C₆H₁₀O₈ ಗೆ ಲೆಕ್ಕ ಹಾಕಿದರೆ 2.

ಆದ್ದರಿಂದ ಸ್ಪೆಕ್ಟ್ರಮ್ ತೋರಿಸುವ ಖರ್ಚು ಡಿಬಿಇಗಿಂತ ಸರಿಯಾಗಿ ಒಂದು ಜಾಸ್ತಿ ಬಂದರೆ, ಸೂತ್ರದಿಂದ ಒಂದು HCl ಅಥವಾ ಒಂದು H₂O ತೆಗೆದು ಮತ್ತೆ ಲೆಕ್ಕ ಹಾಕಿ ನೋಡಿ. ಕ್ಲೋರಿನ್ ಅಯಾನಾಗಿ ಇದೆಯೋ, ಕಾರ್ಬನ್‌ಗೆ ಅಂಟಿದೆಯೋ ಎಂಬ ಅನುಮಾನವಿದ್ದರೆ, ಚೂರು ಪುಡಿಯನ್ನು ನೀರಿನಲ್ಲಿ ಕರಗಿಸಿ, ಸಾರರಿಕ್ತ ನೈಟ್ರಿಕ್ ಆಮ್ಲದ ಒಂದೆರಡು ಹನಿ ಹಾಕಿ, ಸಿಲ್ವರ್ ನೈಟ್ರೇಟ್ ಬಿಡಿ. ಬಿಸಿ ಮಾಡದೆಯೇ ತಕ್ಷಣ ಬಿಳಿ ಒತ್ತರ ಬಂದರೆ ಅದು ಲವಣ. ಉಂಗುರದ ಮೇಲೆ ಕೂತ ಕ್ಲೋರಿನ್ ಆಗಿದ್ದರೆ ದ್ರಾವಣ ತಿಳಿಯಾಗೇ ಇರುತ್ತದೆ.